ಬಿಸಿಲಿನ ತಲೆನೋವು ಅಂದುಕೊಂಡ ಮೂರು ದಿನ

ಬಸುರಾದಾಗ ಆಸ್ಪತ್ರೆಯಲ್ಲಿ ಕೊಟ್ಟ ನನ್ನ ತಾಯಿ ಕಾರ್ಡಿನಲ್ಲಿ ಬಿಪಿ ಬರೆಯುವ ಸಾಲು ಹೀಗಿದೆ: 100/64, 104/66, 110/70, 128/84. ಆಮೇಲೆ ಒಂದು ಖಾಲಿ ಮನೆ. ಅದರ ಪಕ್ಕದಲ್ಲಿ ಬೇರೆ ಪೆನ್ನಿನಲ್ಲಿ, ದಪ್ಪಗೆ, 168/112. ಮಗಳಿಗೆ ಇವತ್ತಿಗೆ 26 ದಿನ. ಅವಳು ನಿದ್ದೆ ಮಾಡಿದಾಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ಇದನ್ನು ಬರೆಯುತ್ತಿದ್ದೇನೆ. ಆ ಖಾಲಿ ಮನೆ ಯಾಕೆ ಖಾಲಿ ಉಳಿಯಿತು, ಬಸುರಿನಲ್ಲಿ ಬಿಪಿ ಏರುವ ಕಾಯಿಲೆ ನಮ್ಮ ಕಣ್ಣಿಗೆ ಹೇಗೆ ಬೀಳಲಿಲ್ಲ ಅನ್ನುವುದೇ ನನ್ನ ಕಥೆ.

ನನಗೆ 26 ವರ್ಷ. ಕಲಬುರಗಿಯಲ್ಲಿ ಅತಿಥಿ ಶಿಕ್ಷಕಿ. ನಮ್ಮ ಮನೆಯವರು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಚೊಚ್ಚಲ ಬಸುರಿ. ಎಂಟನೇ ತಿಂಗಳವರೆಗೂ ಊರಿನ ಆಸ್ಪತ್ರೆಗೆ ತಪ್ಪದೇ ಹೋಗಿದ್ದೆ. 32ನೇ ವಾರದಲ್ಲಿ ಬಿಪಿ 128/84 ಬಂದಾಗ 'ನಾರ್ಮಲ್' ಅಂದರು. ತಪ್ಪೇನಿಲ್ಲ, 140/90 ಮುಟ್ಟಿದರೆ ಮಾತ್ರ ಅದು ಬಿಪಿ ಲೆಕ್ಕ. ಆದರೆ ನನ್ನದು ಮೊದಲಿಂದ 100ರ ಆಸುಪಾಸಿನಲ್ಲಿ ಇದ್ದದ್ದು. ಮುಂದಿನ ತಪಾಸಣೆಯನ್ನು ಮಾತ್ರ ತಪ್ಪಿಸಬಾರದಿತ್ತು. ನಾನು ತಪ್ಪಿಸಿದ್ದು ಅದನ್ನೇ.

ಯಾಕೆ ಅಂದರೆ ಅದೇ ವಾರ ಕುಬಸ ಇತ್ತು. ಒಂಬತ್ತನೇ ತಿಂಗಳಲ್ಲಿ ಮಾಡಿದರು. ಎರಡೂ ಕೈಗೆ ಹಸಿರು ಬಳೆ, ಉಡಿ ತುಂಬಿ, ಮರುದಿನವೇ ಅವ್ವ ನನ್ನನ್ನು ಅಫಜಲಪುರ ತಾಲ್ಲೂಕಿನ ನಮ್ಮ ಹಳ್ಳಿಗೆ ಕರೆದುಕೊಂಡು ಹೋದಳು. ತಾಯಿ ಕಾರ್ಡು ಕಲಬುರಗಿಯ ಮನೆಯ ಕಪಾಟಿನಲ್ಲೇ ಉಳಿಯಿತು. ಸೀರೆ, ಬೆಳ್ಳಿ ಬಟ್ಟಲು, ಉಪ್ಪಿನಕಾಯಿ ಡಬ್ಬ, ಎಲ್ಲ ನೆನಪಿಟ್ಟು ತಂದಿದ್ದೆವು. ತವರಿಗೆ ಹೊರಟವರಿಗೆ ಒಂದು ಮಾತು: ಬ್ಯಾಗಿಗೆ ಮೊದಲು ಹಾಕಬೇಕಾದದ್ದು ಆ ಕಾರ್ಡು. ತವರಿನ ಆಶಾ ಕಾರ್ಯಕರ್ತೆಗೆ ನೀವು ಬಂದಿರುವ ಸುದ್ದಿ ಅದೇ ವಾರ ಮುಟ್ಟಿಸಿ. ನಾನು ಬಂದು ಎರಡು ವಾರವಾದರೂ ನಮ್ಮೂರಿನ ಆಶಾ ಅಕ್ಕನ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ.

ಶನಿವಾರ ತಲೆನೋವು ಶುರುವಾಯಿತು. ಹಣೆಯ ಎರಡೂ ಬದಿ ನಾಡಿ ಬಡಿದ ಹಾಗೆ. ಹೊರಗೆ 42 ಡಿಗ್ರಿ ಬಿಸಿಲು, ಮಧ್ಯಾಹ್ನ ಕರೆಂಟ್ ಇಲ್ಲ. ಯಾರಿಗೆ ತಾನೇ ತಲೆ ನೋಯುವುದಿಲ್ಲ ಹೇಳಿ? ಅವ್ವ ಉಳ್ಳಾಗಡ್ಡಿ ಜಜ್ಜಿ ಹಣೆಗೆ ಹಚ್ಚಿದಳು. ಲಿಂಬು ಪಾನಕ ಕುಡಿಸಿದಳು. ಒಂದು ಪ್ಯಾರಾಸಿಟಮಾಲ್ ನುಂಗಿ ಮಲಗಿದೆ. ಎದ್ದಾಗ ನೋವು ಹಾಗೇ ಇತ್ತು. ಬಿಸಿಲಿನ ತಲೆನೋವಾಗಿದ್ದರೆ ನೆರಳು, ನೀರು, ನಿದ್ದೆಗೆ ಸ್ವಲ್ಪವಾದರೂ ಇಳಿಯಬೇಕಿತ್ತು. ಇದು ಇಳಿಯಲಿಲ್ಲ. ಅದನ್ನು ಗಮನಿಸಿದ್ದೆ, ಆದರೆ ಅದರ ಅರ್ಥ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣಿನ ರೆಪ್ಪೆ ಉಬ್ಬಿತ್ತು. ಮುಖ ನನ್ನದಲ್ಲ ಅನ್ನಿಸಿತು. ಕಾಲು ಬಾತಿದ್ದು ಹಳೇ ಸುದ್ದಿ, ಒಂದು ತಿಂಗಳಿಂದ ಸಂಜೆಯಾದರೆ ಬಾಯುತ್ತಿತ್ತು, ಬೆಳಿಗ್ಗೆ ಇಳಿಯುತ್ತಿತ್ತು. ಈ ಸಲ ಬೆಳಿಗ್ಗೆಯೂ ಹಾಗೇ ಇತ್ತು. ಕುಬಸದಲ್ಲಿ ಸಲೀಸಾಗಿ ಏರಿದ ಹಸಿರು ಬಳೆ ಮಣಿಕಟ್ಟಿನಲ್ಲಿ ಅಲ್ಲಾಡದೆ ಕೂತಿತ್ತು. ಕಾಲುಂಗುರ ಬೆರಳಿನೊಳಗೆ ಇಳಿದಿತ್ತು. ಸಣ್ಣವ್ವ ನೋಡಿ ನಕ್ಕಳು: "ಬಸುರಿ ಕಾಲು ಬಾಯಲ್ದೆ ಇರ್ತಾವೇನವ್ವ? ಮಾರಿ ತುಂಬ್ಯಾದಂದ್ರ ಗಂಡು ಹುಟ್ಟತದ." ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ಇದನ್ನು ವೈದ್ಯರಿಗೆ ಕೇಳಿದೆ. ಕಾಲು ಮಾತ್ರ ಬಾಯುವುದು ಬಹಳಷ್ಟು ಬಸುರಿಯರಿಗೆ ಸಹಜ, ಅದರಿಂದ ಏನೂ ತಿಳಿಯುವುದಿಲ್ಲ ಅಂದರು. ಮುಖಕ್ಕೆ, ಕೈಗೆ, ಅದೂ ಒಂದೆರಡು ದಿನದಲ್ಲಿ ದಿಢೀರನೆ ಬಾವು ಬಂದರೆ ಅವತ್ತೇ ಬಿಪಿ ನೋಡಿಸಬೇಕು. ಬಾವು ಒಂದಿಷ್ಟೂ ಇಲ್ಲದೆಯೂ ಈ ಕಾಯಿಲೆ ಬರುತ್ತದೆ ಅನ್ನುವುದನ್ನೂ ಅವರೇ ಹೇಳಿದರು. 'ನನಗೆ ಬಾವಿಲ್ಲ, ಹಾಗಾಗಿ ಏನೂ ಇಲ್ಲ' ಅನ್ನುವ ಹಾಗಿಲ್ಲ.

ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಎದೆಗೂಡಿನ ಕೆಳಗೆ, ಬಲಕ್ಕೆ, ಹಿಡಿದ ಹಾಗೆ ನೋವು ಬಂತು. ವಾಂತಿ ಆಯಿತು. ಬೈಕಿನಲ್ಲಿ ಬೇಡ ಅಂತ ನನ್ನ ತಮ್ಮ ಆಟೊ ಮಾಡಿಸಿ ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಒಂದು ತಾಸು ಸರದಿ. ಒಳಗೆ ಹೋದಾಗ "ಏನಾಗ್ಯಾದವ್ವ?" ಅಂದರು. ಹೊಟ್ಟೆ ನೋವು, ವಾಂತಿ ಅಂದೆ. ತಲೆನೋವನ್ನೂ ಹೇಳಿದೆ. ಮುಖ ಬಾತಿದ್ದನ್ನು ಹೇಳಲಿಲ್ಲ. ಅದು ಅವರ ಎದುರಿಗೇ ಇತ್ತಲ್ಲ. ಗ್ಯಾಸ್ ಆಗಿದೆ ಅಂತ ಒಂದು ಇಂಜೆಕ್ಷನ್, ಎರಡು ತರಹ ಗುಳಿಗೆ. ಬಿಪಿ ಮಷಿನ್ ಮೇಜಿನ ಮೇಲೇ ಇತ್ತು. ತೋಳಿಗೆ ಕಟ್ಟಲಿಲ್ಲ. ನಾನೂ ಕೇಳಲಿಲ್ಲ. 350 ರೂಪಾಯಿ ಕೊಟ್ಟು ಬಂದೆವು.

ಅವರನ್ನು ಬೈಯುವುದಕ್ಕಿಂತ ನನಗೆ ಬೇರೆ ಒಂದು ವಿಷಯ ಕಾಡುತ್ತದೆ. ತಲೆನೋವಿಗೆ ಬಿಸಿಲು ಅನ್ನುವ ಕಾರಣ ಸಿಕ್ಕಿತು. ಬಾವಿಗೆ ಬಸುರು ಅನ್ನುವ ಕಾರಣ. ಹೊಟ್ಟೆನೋವಿಗೆ ಗ್ಯಾಸ್. ಒಂದೊಂದಕ್ಕೂ ಒಂದೊಂದು ಒಳ್ಳೆಯ ಕಾರಣ ಇತ್ತು. ಮೂರೂ ಒಂದೇ ಬೇರಿನವು ಅಂತ ತಿಳಿಯಲು ಎರಡು ನಿಮಿಷದ ಬಿಪಿ ತಪಾಸಣೆ ಸಾಕಿತ್ತು. ಈಗ ನಾನು ಯಾರಿಗಾದರೂ ಹೇಳುವುದಿಷ್ಟೇ: ಐದು ತಿಂಗಳು ದಾಟಿದ ಮೇಲೆ ಯಾವ ಕಾರಣಕ್ಕೆ ಯಾವ ಡಾಕ್ಟರ ಹತ್ತಿರ ಹೋದರೂ, ಹಲ್ಲುನೋವಿಗೇ ಹೋದರೂ, "ಸರ್, ಒಂದ್ಸಲ ಬಿಪಿ ನೋಡ್ರಿ" ಅನ್ನಿ. ಯಾರೂ ಬೇಡ ಅನ್ನುವುದಿಲ್ಲ.

ಸೋಮವಾರ ರಾತ್ರಿ ಕಣ್ಣಿನದು ಶುರುವಾಯಿತು. ಮನೆಯವರು ಕಳಿಸಿದ ವಾಟ್ಸಾಪ್ ಓದುತ್ತಿದ್ದೆ. ಸಾಲಿನ ನಡುವಿನ ಎರಡು ಪದ ಕಾಣಲಿಲ್ಲ. ಮೊಬೈಲ್ ಅಲ್ಲಾಡಿಸಿದರೆ ಆ ಪದ ಕಂಡವು, ಬೇರೆ ಎರಡು ಮಾಯ. ನೀರಿನೊಳಗಿಂದ ನೋಡಿದ ಹಾಗೆ ಎಲ್ಲ ಮಸುಕು. ಆಮೇಲೆ ಕಣ್ಣು ಮುಚ್ಚಿದರೂ ಮಿಣುಕು ಹುಳು ಹಾರಿದ ಹಾಗೆ ಬೆಳಕಿನ ಚುಕ್ಕೆ. "ನಿಶ್ಶಕ್ತಿ ಆಗ್ಯಾದ, ಎರಡು ದಿನದಿಂದ ಉಂಡಿಲ್ಲ ನೀ" ಅಂದಳು ಅವ್ವ. ನನಗೆ ಮೊದಲ ಸಲ ಭಯವಾಯಿತು. ಭಯವಾದರೂ ರಾತ್ರಿ ಹನ್ನೊಂದಕ್ಕೆ ಯಾರನ್ನು ಎಬ್ಬಿಸುವುದು ಅಂತ ಬೆಳಗಾಗುವವರೆಗೆ ಕಾದೆ. ಈ ಕಾಯಿಲೆಯಲ್ಲಿ ಕಾಯಬಾರದ ಎಂಟು ಗಂಟೆ ಅದು. 108 ರಾತ್ರಿಯೂ ಬರುತ್ತದೆ. ಅದು ನನಗೂ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ಪಕ್ಕದ ಮನೆಗೆ ಬಂದಿದ್ದ ಆಶಾ ಅಕ್ಕ ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. "ಮಾರಿ ಹಿಂಗ್ಯಾಕ ಬಾತದ? ತಲಿ ನೋಯ್ಲಕತ್ತದೇನು? ಕಣ್ಣು ಮಂಜು ಆಗ್ಲಕತ್ತಾವೇನು?" ನಾನು ಹೇಳುವ ಮೊದಲೇ ಅವಳು ಎಲ್ಲ ಕೇಳಿದ್ದಳು. ಹೌದು ಅಂದದ್ದೇ ತಡ, "ರೊಟ್ಟಿ ಗಿಟ್ಟಿ ಆಮ್ಯಾಲ. ಏಳು, ಹಂಗೇ ಏಳು" ಅಂತ ನಾಲ್ಕು ಕಿಲೋಮೀಟರ್ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು.

ಅಲ್ಲಿ ಹೋದಕೂಡಲೇ ತಲೆ ಸುತ್ತುತ್ತದೆ ಅಂತ ಎಡ ಮಗ್ಗುಲಿಗೆ ಮಲಗಿಬಿಟ್ಟೆ. ಹೊಸ ಹುಡುಗಿಯೊಬ್ಬಳು ಹಾಗೇ ಮೇಲಿದ್ದ ಬಲಗೈಗೆ, ಕುಪ್ಪಸದ ತೋಳಿನ ಮೇಲೆಯೇ ಪಟ್ಟಿ ಕಟ್ಟಿ ನೋಡಿದಳು. 146/94. ಹಿರಿಯ ಸಿಸ್ಟರ್ ಬಂದು, "ಹಂಗ ನೋಡಬಾರದು" ಅಂದರು. ಮೊದಲು ಮೂತ್ರ ಮಾಡಿ ಬಾ ಅಂದರು, ಪರೀಕ್ಷೆಗೂ ಸ್ವಲ್ಪ ಹಿಡಿದು ತರಲು ಡಬ್ಬಿ ಕೊಟ್ಟರು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಕೂರಿಸಿದರು. ಎರಡೂ ಪಾದ ನೆಲಕ್ಕೆ. ಕುಪ್ಪಸದ ಬಿಗಿ ತೋಳು ಬಿಚ್ಚಿಸಿ, ಕೈಯನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಡಿಸಿದರು. ಐದು ನಿಮಿಷ ಮಾತಾಡಬೇಡ ಅಂದರು. ಆಮೇಲೆ ನೋಡಿದರೆ 164/112. ಹದಿನೈದು ನಿಮಿಷ ಬಿಟ್ಟು ಮತ್ತೆ: 168/112.

ಅದೇ ನಾನು, ಅದೇ ಬೆಳಿಗ್ಗೆ. ಎಡಕ್ಕೆ ಮಲಗಿ ಮೇಲಿನ ಕೈಯಲ್ಲಿ ನೋಡಿದರೆ ಆ ಕೈ ಹೃದಯಕ್ಕಿಂತ ಎತ್ತರದಲ್ಲಿ ಇರುತ್ತದೆ, ಹಾಗಾಗಿ ಬಿಪಿ ಕಡಿಮೆ ತೋರುತ್ತದಂತೆ. ಆ ಮೊದಲ ಅಂಕಿಯನ್ನೇ ನಂಬಿದ್ದರೆ 'ಸ್ವಲ್ಪ ಬಿಪಿ ಇದೆ, ನಾಳೆ ಬಾ' ಅಂತ ಆಗುತ್ತಿತ್ತೋ ಏನೋ. 140/90 ಮುಟ್ಟಿದರೆ ಅವತ್ತೇ ಆಸ್ಪತ್ರೆಗೆ ತೋರಿಸಬೇಕು. 160/110 ಮುಟ್ಟಿದರೆ ಅದು ಗಂಟೆಗಳ ಲೆಕ್ಕದ್ದಲ್ಲ, ನಿಮಿಷಗಳದ್ದು. ಮಿದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯ ಅಲ್ಲಿಂದಾಚೆ ಜಾಸ್ತಿ.

ಮೂತ್ರದಲ್ಲಿ ಒಂದು ಹಳದಿ ಪಟ್ಟಿ ಅದ್ದಿದರು. ಅದು ನನ್ನ ಕಣ್ಣೆದುರೇ ಹಸಿರಾಯಿತು. ಪ್ರೋಟೀನ್ ಮೂರು ಪ್ಲಸ್. ಕಣ್ಣು ಮಂಜಾಗಿದ್ದರೂ ಆ ಹಸಿರು ಚೆನ್ನಾಗಿ ಕಂಡಿತು.

"ಇದಕ್ಕ ಪ್ರೀಎಕ್ಲಾಂಪ್ಸಿಯಾ ಅಂತಾರಮ್ಮ. ಹಳಬರು ನಂಜು ಅಂತಿದ್ರು" ಅಂದರು ವೈದ್ಯರು. "ನಿಮಗ ಯಾವಾಗ ಬೇಕಾದ್ರೂ ಫಿಟ್ಸ್ ಬರಬಹುದು. ಬರದಂಗ ಈಗ ಇಂಜೆಕ್ಷನ್ ಕೊಡತೀವಿ." ಬಿಪಿ ಇಳಿಸಲು ನಿಫೆಡಿಪಿನ್ ಗುಳಿಗೆ ನುಂಗಿಸಿದರು. ಆಮೇಲೆ ಮೆಗ್ನೀಸಿಯಂ ಸಲ್ಫೇಟ್. ಒಂದೊಂದು ಕುಂಡಿಗೆ ಐದೈದು ಗ್ರಾಂ, ಅಂದರೆ ಒಂದೊಂದು ಕಡೆ ಐದು ಸಣ್ಣ ಬಾಟಲಿಯ ಔಷಧಿ. ಸುಳ್ಳು ಹೇಳುವುದಿಲ್ಲ, ಹೆರಿಗೆ ನೋವಿಗಿಂತ ನನಗೆ ಇವತ್ತಿಗೂ ನೆನಪಿರುವುದು ಆ ಸೂಜಿ. ಎರಡು ದಿನ ಸರಿಯಾಗಿ ಕೂರಲು ಆಗಲಿಲ್ಲ. ಮೈಯೆಲ್ಲ ಬಿಸಿಯಾಗಿ ಬೆವರಿತು. ಹೀಗಾಗುತ್ತದೆ ಅಂತ ಅವರು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಇದು ಬಿಪಿ ಇಳಿಸುವ ಔಷಧಿ ಅಲ್ಲ, ಫಿಟ್ಸ್ ತಡೆಯುವುದು.

ಸಿಸ್ಟರ್ ರೆಫರ್ ಚೀಟಿಯ ಮೇಲೆ 'ಎಂಜಿ ಸಲ್ಫ್ 10 ಗ್ರಾಂ, ಬೆಳಿಗ್ಗೆ 10:50' ಅಂತ ಬರೆದು ಕೆಂಪು ಗೆರೆ ಎಳೆದರು. ಈ ಇಂಜೆಕ್ಷನ್ ಮುಂದೆ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ಮೊದಲನೆಯದು ಯಾವಾಗ ಆಯಿತು ಅಂತ ಗೊತ್ತಿಲ್ಲದಿದ್ದರೆ ಮುಂದಿನದು ತಡವಾಗಬಹುದು, ಇಲ್ಲವೇ ಬೇಗ ಕೊಟ್ಟು ಜಾಸ್ತಿಯಾಗಬಹುದು. ತಮ್ಮನಿಗೆ "ಈ ಚೀಟಿ ಫೋಟೊ ಹೊಡ್ಕೋಪಾ" ಅಂದರು. ಆ ಮಾತು ಆಮೇಲೆ ನಮ್ಮನ್ನು ಉಳಿಸಿತು.

108 ಬರಲು 50 ನಿಮಿಷ. ತಾಲ್ಲೂಕು ಆಸ್ಪತ್ರೆ ಹತ್ತಿರ ಇದ್ದರೂ ವೈದ್ಯರು ನೇರ ಕಲಬುರಗಿಗೇ ಬರೆದರು. ರಕ್ತ, ಸಣ್ಣ ಮಕ್ಕಳ ಘಟಕ, ಎಲ್ಲ ಒಂದೇ ಕಡೆ ಬೇಕು, ಎರಡು ಕಡೆ ಅಲೆಯಬೇಡಿ ಅಂದರು. ಫೋನ್ ಮಾಡಿ ಅಲ್ಲಿನ ಡ್ಯೂಟಿ ಡಾಕ್ಟರಿಗೆ ತಿಳಿಸಿದರು. ಕಾಯುವಾಗ ಸಿಸ್ಟರ್ ಅವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದ್ದು ನನಗೆ ಕೇಳಿಸಿತು: "ದಾರ್ಯಾಗ ಫಿಟ್ಸ್ ಬಂದ್ರ ಎಡಕ್ಕ ಹೊರಳಿಸ್ರಿ. ಬಾಯಾಗ ಚಮಚ, ಬಟ್ಟಿ, ನೀರು ಏನೂ ಹಾಕಬ್ಯಾಡ್ರಿ. ಕೈಯಾಗ ಕೀಲಿ ಕೊಟ್ಟು ಕೂಡಬ್ಯಾಡ್ರಿ. ಕೈಕಾಲು ಒತ್ತಿ ಹಿಡಿಯಬ್ಯಾಡ್ರಿ, ಬೀಳದಂಗ ನೋಡ್ರಿ ಸಾಕು." ಅವ್ವ ತಲೆಯಾಡಿಸುತ್ತಾ, ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದಳು. "ನನಗೂ ಇಕಿ ಹೊಟ್ಯಾಗಿದ್ದಾಗ ಹಿಂಗೇ ಮಾರಿ ಬಾತಿತ್ರಿ. ಬಿಪಿ ಅದ ಅಂದಿದ್ರು." 26 ವರ್ಷದಲ್ಲಿ ನಾನು ಇದನ್ನು ಕೇಳಿದ್ದು ಅದೇ ಮೊದಲು. ತಾಯಿಗೋ ಅಕ್ಕನಿಗೋ ಆಗಿದ್ದರೆ ನಮಗೆ ಆಗುವ ಸಾಧ್ಯತೆ ಹೆಚ್ಚು. ಚೊಚ್ಚಲದಲ್ಲಿ ಇನ್ನೂ ಹೆಚ್ಚು. ಮೊದಲ ತಪಾಸಣೆಗೆ ಹೋಗುವ ಮುಂಚೆ ನಿಮ್ಮ ಅವ್ವನನ್ನು ಕೂರಿಸಿಕೊಂಡು ಇದನ್ನು ಕೇಳಿಕೊಳ್ಳಿ. ಅವರಾಗಿ ಹೇಳುವುದಿಲ್ಲ.

ಚೌಡಾಪುರ ದಾಟುವವರೆಗೂ ಎಡ ಮಗ್ಗುಲಿಗೆ ಮಲಗಿ ಆಂಬುಲೆನ್ಸಿನ ಗೋಡೆಯನ್ನೇ ನೋಡುತ್ತಿದ್ದೆ. ಆಮೇಲೆ ನಿದ್ದೆ ಬಂತು. ಎಚ್ಚರವಾದಾಗ ಕಲಬುರಗಿ, ಮಧ್ಯಾಹ್ನ 1:40.

ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ತಾಯಿ ಕಾರ್ಡು ಮತ್ತು ರೆಫರ್ ಚೀಟಿ. ಕಾರ್ಡು ಮನೆಯಲ್ಲಿ. ಚೀಟಿ ಆಂಬುಲೆನ್ಸಿನ ಸೀಟಿನ ಮೇಲೆ ಉಳಿದು, ಗಾಡಿ ಇನ್ನೊಂದು ಕರೆಗೆ ಹೊರಟುಹೋಗಿತ್ತು. ತಮ್ಮನ ಮೊಬೈಲಿನ ಫೋಟೊ ನೋಡಿ ಅವರು 2:50ಕ್ಕೆ ಮುಂದಿನ ಡೋಸ್ ಅಂತ ಬರೆದುಕೊಂಡರು. ಮನೆಯವರು ಮಿಲ್ಲಿನಿಂದ ಮನೆಗೆ ಓಡಿ ಕಾರ್ಡು, ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ ಮತ್ತು ಹಳೇ ಸ್ಕ್ಯಾನ್ ತಂದರು. ಚಿಕಿತ್ಸೆ ಕಾಗದಕ್ಕಾಗಿ ನಿಲ್ಲಲಿಲ್ಲ, ಆದರೆ ರಕ್ತದ ಗುಂಪು, ಮೊದಲಿನ ಬಿಪಿ, ದಿನ ತುಂಬುವ ತಾರೀಖು, ಎಲ್ಲ ಆ ಕಾರ್ಡಿನಲ್ಲೇ ಇತ್ತು.

ಅಲ್ಲಿ ಬಿಪಿ 174/116. ರಕ್ತನಾಳಕ್ಕೆ ಲ್ಯಾಬೆಟಲಾಲ್ ಕೊಟ್ಟರು. ಅರ್ಧ ಗಂಟೆಯಲ್ಲಿ 150ರ ಹತ್ತಿರ ಇಳಿಯಿತು. ಪೂರ್ತಿ ಇಳಿಸುವುದಿಲ್ಲ, ಒಮ್ಮೆಲೇ ಇಳಿದರೆ ಮಗುವಿಗೆ ರಕ್ತ ಕಡಿಮೆಯಾಗುತ್ತದೆ ಅಂದರು. ಮೂತ್ರಕ್ಕೆ ನಳಿಕೆ ಹಾಕಿ ಗಂಟೆಗಂಟೆಗೂ ಅಳೆದರು. ಪ್ರತಿ ಇಂಜೆಕ್ಷನ್ನಿಗೆ ಮುಂಚೆ ಸಣ್ಣ ಸುತ್ತಿಗೆಯಲ್ಲಿ ಮೊಣಕಾಲು ತಟ್ಟಿ ಕಾಲು ಹಾರುತ್ತದೋ ನೋಡುತ್ತಿದ್ದರು, ಉಸಿರು ಎಣಿಸುತ್ತಿದ್ದರು. ಮೆಗ್ನೀಸಿಯಂ ಮೂತ್ರದಲ್ಲೇ ಹೊರಹೋಗಬೇಕು. ಮೂತ್ರ ಕಡಿಮೆಯಾದರೆ ಮೈಯಲ್ಲಿ ಸೇರಿಕೊಂಡು, ಮೊದಲು ಮೊಣಕಾಲಿನ ಹಾರಿಕೆ ನಿಲ್ಲುತ್ತದೆ, ಆಮೇಲೆ ಉಸಿರಿಗೆ ತೊಂದರೆ. ಸುತ್ತಿಗೆ ಯಾಕೆ ಅಂತ ಗೊತ್ತಾದ ಮೇಲೆ ನನ್ನ ಕಾಲು ಹಾರಿದಾಗೆಲ್ಲ ಅವ್ವನ ಮುಖ ಅರಳುತ್ತಿತ್ತು.

ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 1 ಲಕ್ಷ 18 ಸಾವಿರ. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು. ಲಿವರಿನ ಅಂಕಿಯೂ ಏರಿತ್ತು. ಭಾನುವಾರದ ಆ 'ಗ್ಯಾಸ್' ನಿಜಕ್ಕೂ ಬಾತ ಲಿವರಿನ ನೋವು.

ವೈದ್ಯೆಯೊಬ್ಬರು ಮನೆಯವರನ್ನೂ ಅವ್ವನನ್ನೂ ನಿಲ್ಲಿಸಿಕೊಂಡು ಬಿಡಿಸಿ ಹೇಳಿದರು. ಮಾಸು ಗರ್ಭಕೋಶಕ್ಕೆ ಅಂಟಿಕೊಳ್ಳುವ ಹೊತ್ತಿಗೇ ಅಲ್ಲಿನ ರಕ್ತನಾಳ ಸರಿಯಾಗಿ ಅಗಲವಾಗಿರುವುದಿಲ್ಲ. ತಿಂಗಳು ತುಂಬುತ್ತಾ ಮಗುವಿಗೆ ರಕ್ತ ಸಾಲುವುದಿಲ್ಲ. ಸಂಕಟದಲ್ಲಿರುವ ಆ ಮಾಸಿನಿಂದ ಕೆಲವು ವಸ್ತುಗಳು ತಾಯಿಯ ರಕ್ತಕ್ಕೆ ಸೇರಿ ಮೈಯೆಲ್ಲದರ ರಕ್ತನಾಳದ ಒಳಪದರ ಕೆಡಿಸುತ್ತವೆ. ಕಿಡ್ನಿಯಿಂದ ಪ್ರೋಟೀನ್ ಸೋರುತ್ತದೆ, ನೀರು ಚರ್ಮದ ಕೆಳಗೆ ಸೋರಿ ಬಾವು, ಮಿದುಳಿಗೆ ಮುಟ್ಟಿದರೆ ತಲೆನೋವು, ಕಣ್ಣು ಮಂಜು, ಫಿಟ್ಸ್. "ಗುಳಿಗೆ ಬಿಪಿ ಇಳಸ್ತದ, ಜಡ್ಡು ಇಳಸಲ್ಲ. ಮಾಸು ಹೊರಗ ಬಂದ್ರೇ ಇದು ಹೋಗೋದು. 36 ವಾರ ಆಗ್ಯಾದ. ಇವತ್ತೇ ನೋವು ಬರಸ್ತೀವಿ."

ಉಪ್ಪು ತಿಂದಿದ್ದಕ್ಕೆ ಆಯಿತಾ ಅಂತ ಅವ್ವ ಕೇಳಿದಳು. ಅಲ್ಲ ಅಂದರು. ಉಪ್ಪು ಬಿಟ್ಟರೆ ಇದು ತಪ್ಪುವುದೂ ಇಲ್ಲ. ನಿಜ ಹೇಳಬೇಕೆಂದರೆ, ಅವ್ವನಿಗಿಂತ ನನಗೇ ಆ ಉತ್ತರ ಬೇಕಿತ್ತು. ಶೇಂಗಾ ಹಿಂಡಿ, ಉಪ್ಪಿನಕಾಯಿ ಅಂತ ನಾನು ತಿಂದದ್ದನ್ನೆಲ್ಲ ಆಂಬುಲೆನ್ಸಿನಲ್ಲಿ ಎಣಿಸಿಕೊಂಡು ಬಂದಿದ್ದೆ.

ಅಷ್ಟರಲ್ಲಿ ಫೋನಿನಲ್ಲಿ ಸಣ್ಣವ್ವ. ನಾಳೆ ಅಮಾವಾಸ್ಯೆ, ಒಂದು ದಿನ ತಳ್ಳಲಿಕ್ಕೆ ಆಗುವುದಿಲ್ಲವಾ ಅಂತ. ಮನೆಯವರು ಫೋನ್ ಕೈಯಲ್ಲಿ ಹಿಡಿದು ಸುಮ್ನೆ ನಿಂತರು. ಅತ್ತೆ, ಅಮಾವಾಸ್ಯೆಗೆ ಹೊಲಕ್ಕೂ ಹೋಗದವರು, ಅವರ ಕೈಯಿಂದ ಫೋನ್ ಇಸಿದುಕೊಂಡರು. "ಸೊಸಿ ಇದ್ರ ಅಮಾಸಿ ತಿಂಗಳಿಗೊಮ್ಮೆ ಬರತದ" ಅಂದು ಇಟ್ಟುಬಿಟ್ಟರು. ಸಹಿ ಆಯಿತು.

ಸಂಜೆ ನಾಲ್ಕಕ್ಕೆ ಜೆಲ್ ಇಟ್ಟು ನೋವು ಬರಿಸಲು ಶುರು ಮಾಡಿದರು. ಈ ಕಾಯಿಲೆ ಅಂದರೆ ಆಪರೇಷನ್ನೇ ಅಂತ ನಾನು ಅಂದುಕೊಂಡಿದ್ದೆ. ಹಾಗೇನಿಲ್ಲ. ತಾಯಿ ಮಗು ಇಬ್ಬರೂ ತಡೆದುಕೊಳ್ಳುವ ಸ್ಥಿತಿಯಲ್ಲಿದ್ದರೆ ಸಹಜ ಹೆರಿಗೆಗೇ ನೋಡುತ್ತಾರೆ. ಆ ರಾತ್ರಿ ಪ್ಲೇಟ್‌ಲೆಟ್ 96 ಸಾವಿರಕ್ಕೆ ಇಳಿದಾಗ ಎಲ್ಲರ ನಡೆ ಚುರುಕಾಯಿತು. ರಕ್ತ ತಯಾರಿರಲಿ ಅಂತ ತಮ್ಮ ಹೋಗಿ ರಕ್ತ ಕೊಟ್ಟು ಬಂದ. ಕೈ ಬಾತು ಸೂಜಿ ಹಾಕಲು ನರ ಸಿಗದೆ, ಹಸಿರು ಬಳೆಗಳನ್ನು ಒಂದೊಂದಾಗಿ ಬಟ್ಟೆ ಸುತ್ತಿ ಒಡೆದರು. ಅವ್ವ ಅಳುತ್ತಾ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಬಳೆ, ಕಾಲುಂಗುರ ಬಿಗಿಯಾಗುತ್ತಿವೆ ಅನ್ನಿಸಿದ ದಿನವೇ ಸೋಪಿನ ನೀರು ಹಚ್ಚಿ ತೆಗೆದಿಡಿ.

ಬುಧವಾರ ಬೆಳಿಗ್ಗೆ 9:20ಕ್ಕೆ ಮಗಳು ಹುಟ್ಟಿದಳು. 2 ಕಿಲೋ 60 ಗ್ರಾಂ. ಜೋರಾಗಿ ಅತ್ತಳು. ತೂಕ ಕಡಿಮೆ, ಸಕ್ಕರೆ ನೋಡಬೇಕು ಅಂತ ಎರಡು ದಿನ ಸಣ್ಣ ಮಕ್ಕಳ ಘಟಕದಲ್ಲಿ ಇಟ್ಟರು.

ಎಲ್ಲ ಮುಗಿಯಿತು ಅಂದುಕೊಂಡೆ. ಇಲ್ಲಿ ಮುಗಿಯುವುದಿಲ್ಲ. ಇದು ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಹೆರಿಗೆಯಾದ ಮೇಲೂ 24 ಗಂಟೆ ಆ ಇಂಜೆಕ್ಷನ್ ಮುಂದುವರಿಯಿತು. ಎರಡನೇ ದಿನ ಬಿಪಿ 136/86, ಕಣ್ಣು ತಿಳಿಯಾಯಿತು. ಮೂರನೇ ದಿನ ನಾನೇ ಮನೆಗೆ ಹೋಗುತ್ತೇನೆ ಅಂತ ಹಟ ಹಿಡಿದೆ. ವೈದ್ಯೆ ಬಿಡಲಿಲ್ಲ. ಮೈಯಲ್ಲಿ ಸೋರಿ ನಿಂತ ನೀರು ಆ ದಿನಗಳಲ್ಲೇ ರಕ್ತಕ್ಕೆ ಮರಳುತ್ತದೆ, ಮೂರರಿಂದ ಆರನೇ ದಿನದೊಳಗೆ ಬಿಪಿ ಮತ್ತೆ ಏರುವುದುಂಟು ಅಂದರು. ನಾಲ್ಕನೇ ದಿನ 158/104 ಬಂತು! ಮನೆಯಲ್ಲಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗುಳಿಗೆ ಹೆಚ್ಚಿಸಿ ಏಳನೇ ದಿನ ಕಳಿಸಿದರು. ಬಾಣಂತಿ, ಕೂಸನ್ನು ಆಸ್ಪತ್ರೆಯಿಂದ ಮನೆಗೆ ಬಿಡುವ ನಗು-ಮಗು ಗಾಡಿಯಲ್ಲಿ ಊರಿಗೆ ಬಂದೆವು.

ಊರಿನಲ್ಲಿ ಹೊಸ ತೊಡಕು. ಗುಳಿಗೆಯಿಂದ ಹಾಲು ಕೆಡುತ್ತದೆ ಅಂತ ಸಣ್ಣವ್ವ. ಬಾಣಂತಿ ಕೋಣೆಯಲ್ಲಿ ತಲೆಗೆ ಬಟ್ಟೆ ಬಿಗಿದು ಮಲಗಿದ್ದ ನಾನೂ ಎರಡು ದಿನ ಗುಳಿಗೆ ಮರೆತ ಹಾಗೆ ಮಾಡಿದೆ. ಹನ್ನೊಂದನೇ ದಿನ ಮತ್ತೆ ಅದೇ ತಲೆನೋವು. "ಗಾಳಿ ಹೊಕ್ಕಾದ" ಅಂದರು. ನಾನು ಈ ಸಲ ಬೆಳಗಾಗುವವರೆಗೆ ಕಾಯಲಿಲ್ಲ. ಆಸ್ಪತ್ರೆಯಿಂದ ಬರುವಾಗ 1,900 ರೂಪಾಯಿ ಕೊಟ್ಟು ತಂದಿದ್ದ ಮಷಿನ್ ಕಟ್ಟಿಸಿಕೊಂಡೆ. 152/102. ಪಿಎಚ್‌ಸಿಗೆ ಹೋದೆವು. ಲ್ಯಾಬೆಟಲಾಲ್, ನಿಫೆಡಿಪಿನ್ ಎರಡೂ ಹಾಲೂಡಿಸುವವರು ತಗೊಳ್ಳಬಹುದಾದ ಗುಳಿಗೆ ಅಂತ ಸಿಸ್ಟರ್ ಸಣ್ಣವ್ವನಿಗೇ ಕರೆದು ಹೇಳಿದರು. ಹೆರಿಗೆಯಾಗಿ ಆರು ವಾರದವರೆಗೆ ಬಾಣಂತಿಗೆ ಗಟ್ಟಿ ತಲೆನೋವು, ಕಣ್ಣು ಮಂಜು ಬಂದರೆ ಮೊದಲು ಬಿಪಿ, ಆಮೇಲೆ ಗಾಳಿ ಮಾತು.

ಮಷಿನ್ ತಗೊಳ್ಳುವವರು ತೋಳಿಗೆ ಕಟ್ಟುವುದನ್ನೇ ತಗೊಳ್ಳಿ, ಮಣಿಕಟ್ಟಿನದು ಬೇಡ. ಪಟ್ಟಿ ತೋಳಿಗೆ ಸರಿಹೊಂದಬೇಕು, ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಜಾಸ್ತಿ ತೋರಿಸುತ್ತದೆ. ಕೊಂಡ ದಿನವೇ ಆಸ್ಪತ್ರೆಯ ಮಷಿನ್ನಿನ ಜೊತೆ ಹೋಲಿಸಿ ನೋಡಿ. ಬ್ಯಾಟರಿ ಮಷಿನ್ ಈ ಕಾಯಿಲೆಯಲ್ಲಿ ಕೆಲವೊಮ್ಮೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಅಂಕಿ ಚೆನ್ನಾಗಿದ್ದು ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಇದ್ದರೆ ಮಷಿನ್ ಮಾತು ಕೇಳಬೇಡಿ, ಹೋಗಿ.

ಖರ್ಚು ಕೇಳುವವರಿಗೆ: 108, ಹೆರಿಗೆ, ಆಸ್ಪತ್ರೆಯ ಔಷಧಿ, ಮಗುವಿನ ಘಟಕ, ಯಾವುದಕ್ಕೂ ಹಣ ಇಲ್ಲ. ಹೊರಗೆ ಬರೆದ ಒಂದು ಪರೀಕ್ಷೆ ಮತ್ತು ಗುಳಿಗೆ 1,240. ಕ್ಲಿನಿಕ್ 350. ಮಷಿನ್ 1,900. ನನ್ನ ಜೊತೆ ಇದ್ದ ಮೂವರ ಊಟ, ಚಹಾ, ಆಟೊ, ಎಂಟು ದಿನಕ್ಕೆ 5,000ದ ಹತ್ತಿರ. ಮನೆಯವರ ಎಂಟು ದಿನದ ಪಗಾರ ಬೇರೆ.

ಬಿಡುಗಡೆ ಚೀಟಿಯಲ್ಲಿ ಇನ್ನೆರಡು ಮಾತಿವೆ. ಮುಂದಿನ ಸಲ ಬಸುರಾದರೆ ಮೂರು ತಿಂಗಳು ತುಂಬುವ ಹೊತ್ತಿಗೇ ಬಂದು ತೋರಿಸಬೇಕು, ಕಡಿಮೆ ಪ್ರಮಾಣದ ಆಸ್ಪಿರಿನ್ ಶುರು ಮಾಡುತ್ತಾರೆ. ಅದರಿಂದ ಇದು ಮತ್ತೆ ಬರುವ ಸಾಧ್ಯತೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಇನ್ನೊಂದು, ಬಸುರಿನಲ್ಲಿ ಈ ಬಿಪಿ ಬಂದವರಿಗೆ ಮುಂದೆ ವಯಸ್ಸಾದಂತೆ ಬಿಪಿ ಮತ್ತು ಹೃದಯದ ತೊಂದರೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ವರ್ಷಕ್ಕೊಮ್ಮೆ ತಪ್ಪದೇ ನೋಡಿಸಬೇಕು.

ಈ ಎರಡನೇ ಮಾತನ್ನು ನಿನ್ನೆ ಸಂಜೆ ಅವ್ವನಿಗೆ ಓದಿ ಹೇಳುತ್ತಿದ್ದೆ. ನನ್ನದು 124/80 ಬಂದಿತ್ತು. ಪಟ್ಟಿ ಬಿಚ್ಚುವಾಗ "ನೀನೂ ಕೂಡು" ಅಂದೆ. "ನನಗೇನಾಗ್ಯಾದ, ಗಟ್ಟಿ ಕಲ್ಲು ಇದ್ದಂಗ ಇದೀನಿ" ಅಂದಳು. ನಾನು ಹುಟ್ಟಿದ ಮೇಲೆ ಅವಳ ತೋಳಿಗೆ ಯಾರೂ ಪಟ್ಟಿ ಕಟ್ಟಿಲ್ಲ. ಸುಮ್ನೆ ನಗುತ್ತಲೇ ಕೂತಳು. ಐದು ನಿಮಿಷ ಮಾತಾಡಬೇಡ ಅಂದೆ. 164/98.

ಎರಡು ಸಲ ಮತ್ತೆ ನೋಡಿದೆ. ನಾಳೆ ನನ್ನ ತಪಾಸಣೆಗೆ ಹೋಗುವ ಆಟೊದಲ್ಲಿ ಅವಳನ್ನೂ ಕೂರಿಸಿಕೊಂಡು ಹೋಗುತ್ತೇನೆ.